ಒಂದೇ ಬಾಟಲಿ, ಒಂದೇ ಅಳತೆ: ನನ್ನ ಲಿವರ್ ಮಾತ್ರ ಯಾಕೆ ಕೆಟ್ಟಿತು?

ಪ್ರಶ್ನೆ: ನನಗೆ 38 ವರ್ಷ, ತೂಕ 55 ಕೆಜಿ. ನನ್ನ ಗಂಡನಿಗೆ 41, ತೂಕ 75 ಕೆಜಿ. ಆರೇಳು ವರ್ಷದಿಂದ ಶುಕ್ರವಾರ, ಶನಿವಾರ, ಭಾನುವಾರ ರಾತ್ರಿ ಮನೆಯಲ್ಲೇ ಇಬ್ಬರೂ ಎರಡೆರಡು ಲಾರ್ಜ್ ವಿಸ್ಕಿ ತಗೊಳ್ತೀವಿ. ವಾರದ ಮಧ್ಯೆ ಎರಡು ದಿನ ಒಂದೊಂದು ಗ್ಲಾಸ್ ವೈನ್. ಹೋದ ತಿಂಗಳು ಇಬ್ಬರೂ ಚೆಕಪ್ ಮಾಡಿಸಿದೆವು. ಅವರದ್ದು ಎಲ್ಲಾ ನಾರ್ಮಲ್. ನನ್ನದು ಲಿವರ್ ಎನ್‌ಜೈಮುಗಳ ರಕ್ತಪರೀಕ್ಷೆಯಲ್ಲಿ ಎಸ್‌ಜಿಒಟಿ 62, ಎಸ್‌ಜಿಪಿಟಿ 31, ಜಿಜಿಟಿ 88. ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ 1 ಫ್ಯಾಟಿ ಲಿವರ್. ಮೊದಲೆಲ್ಲ ಒಂದು ಪೆಗ್‌ಗೇ ತಲೆ ತಿರುಗ್ತಿತ್ತು, ಈಗ ಎರಡು ತಗೊಂಡ್ರೂ ಏನೂ ಆಗಲ್ಲ. ದೇಹ ಒಗ್ಗಿಕೊಂಡಿದೆ ಅಂದುಕೊಂಡಿದ್ದೆ. ಅಷ್ಟೇ ಕುಡಿಯುವ ಅವರಿಗೆ ಏನೂ ಇಲ್ಲ, ನನಗೆ ಮಾತ್ರ ಯಾಕೆ?

ಉತ್ತರ: ಅಳತೆ ಒಂದೇ ಅನ್ನುವುದು ಗ್ಲಾಸಿನವರೆಗೆ ಮಾತ್ರ ನಿಜ. ಬಾಯಿಂದ ಕೆಳಗೆ ಇಳಿದ ಮೇಲೆ ನಿಮ್ಮಿಬ್ಬರ ಲೆಕ್ಕ ಬೇರೆ ಬೇರೆ. ಆ ಲೆಕ್ಕವನ್ನೇ ಕೂತು ಮಾಡೋಣ, ನಿಮ್ಮದೇ ಸಂಖ್ಯೆಗಳನ್ನು ಇಟ್ಟುಕೊಂಡು.

ನಮ್ಮಲ್ಲಿ ಸಿಗುವ ವಿಸ್ಕಿಯಲ್ಲಿ ಸಾಮಾನ್ಯವಾಗಿ ಶೇಕಡಾ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಲೇಬಲ್ ಮೇಲೆ ಸಣ್ಣದಾಗಿ ಬರೆದಿರುತ್ತಾರೆ, ನೋಡಿ. ಒಂದು ಲಾರ್ಜ್ ಅಂದರೆ 60 ಎಂಎಲ್. ಅದರಲ್ಲಿ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್. ಎರಡಕ್ಕೆ 40 ಗ್ರಾಂ. ಸೋಡಾ ಎಷ್ಟು ಸುರಿದರೂ ಈ 40 ಗ್ರಾಂ ಕಮ್ಮಿ ಆಗುವುದಿಲ್ಲ. ಇದು ಮನೆಯಲ್ಲಿ ಅಳತೆ ಕಪ್ ಇಟ್ಟು ಹಾಕಿದರೆ ಬರುವ ಲೆಕ್ಕ. ಕಣ್ಣಂದಾಜಿನಲ್ಲಿ ಹಾಕುವ ಪೆಗ್ ಯಾವತ್ತೂ 60ಕ್ಕೆ ನಿಲ್ಲುವುದಿಲ್ಲ ಅನ್ನುವುದು ನಿಮಗೂ ಗೊತ್ತು.

ಈಗ ಈ 40 ಗ್ರಾಂ ಎಲ್ಲಿಗೆ ಹೋಗುತ್ತದೆ? ಆಲ್ಕೋಹಾಲ್ ನೀರಿನ ಜೊತೆ ಬೆರೆಯುತ್ತದೆ, ಕೊಬ್ಬಿನ ಜೊತೆ ಹೆಚ್ಚುಕಮ್ಮಿ ಬೆರೆಯುವುದೇ ಇಲ್ಲ. ಒಂದು ಚಮಚ ಉಪ್ಪನ್ನು ಒಂದು ಲೋಟ ನೀರಿಗೆ ಹಾಕಿ, ಇನ್ನೊಂದು ಚಮಚವನ್ನು ಒಂದು ಚೊಂಬು ನೀರಿಗೆ ಹಾಕಿ. ಯಾವುದು ಜಾಸ್ತಿ ಉಪ್ಪಾಗುತ್ತದೆ ಅಂತ ಕೇಳಬೇಕಾಗಿಲ್ಲ. ಲೋಟದ ಪಕ್ಕದಲ್ಲಿ ಒಂದು ಬಟ್ಟಲು ತುಪ್ಪ ಇಟ್ಟರೂ ಅದು ಉಪ್ಪನ್ನು ಹಂಚಿಕೊಳ್ಳುವುದಿಲ್ಲ. ದೇಹದ ಒಳಗೂ ಹೀಗೇ. ಗಂಡಸಿನ ತೂಕದಲ್ಲಿ ಸುಮಾರು ಶೇಕಡಾ 60 ನೀರು. ಹೆಣ್ಣಿನ ತೂಕದಲ್ಲಿ ಸುಮಾರು 50. ಮಿಕ್ಕಿದ್ದರಲ್ಲಿ ಕೊಬ್ಬಿನ ಪಾಲು ನಮಗೆ ಜಾಸ್ತಿ. ಇದಕ್ಕೆ ದಪ್ಪ ಆಗಿರಬೇಕು ಅಂತೇನಿಲ್ಲ. ತೆಳ್ಳಗಿರುವ ಹುಡುಗಿಯ ದೇಹದಲ್ಲೂ ಅದೇ ತೂಕದ ಹುಡುಗನಿಗಿಂತ ಕೊಬ್ಬು ಹೆಚ್ಚು, ಸ್ನಾಯು ಕಮ್ಮಿ. ಸ್ನಾಯುವಿನಲ್ಲಿ ನೀರು ತುಂಬಿರುತ್ತದೆ, ಕೊಬ್ಬಿನಲ್ಲಿ ಇರುವುದು ತೀರಾ ಸ್ವಲ್ಪ.

ಇದನ್ನು ಲೆಕ್ಕಕ್ಕೆ ತಂದವರು ಸ್ವೀಡನ್ನಿನ ಎರಿಕ್ ವಿಡ್ಮಾರ್ಕ್. 1932ರಲ್ಲಿ ಪ್ರಕಟಿಸಿದ ಅವರ ಸೂತ್ರವನ್ನು ಇವತ್ತಿಗೂ ಕೋರ್ಟು ಕೇಸುಗಳಲ್ಲಿ ಬಳಸುತ್ತಾರೆ. ತೂಕವನ್ನು ಗಂಡಸಾದರೆ 0.68ರಿಂದ, ಹೆಂಗಸಾದರೆ 0.55ರಿಂದ ಗುಣಿಸಬೇಕು. ಬಂದ ಸಂಖ್ಯೆಯಿಂದ ಕುಡಿದ ಗ್ರಾಂಗಳನ್ನು ಭಾಗಿಸಿದರೆ ರಕ್ತದ ಮಟ್ಟ ಸುಮಾರಾಗಿ ಸಿಗುತ್ತದೆ. ನಿಮ್ಮ ಯಜಮಾನರಿಗೆ 75 ಗುಣಿಸು 0.68, ಅಂದರೆ 51. ನಿಮಗೆ 55 ಗುಣಿಸು 0.55, ಅಂದರೆ 30. ಅದೇ 40 ಗ್ರಾಂ ಅವರ ರಕ್ತದಲ್ಲಿ 100 ಎಂಎಲ್‌ಗೆ ಸುಮಾರು 80 ಮಿಲಿಗ್ರಾಂ ಆಗುತ್ತದೆ. ನಿಮ್ಮದರಲ್ಲಿ ಸುಮಾರು 130. ಅವರು ಎರಡು ಲಾರ್ಜ್ ಕುಡಿದಾಗ ನೀವು ಅವರ ಲೆಕ್ಕದಲ್ಲಿ ಮೂರಕ್ಕಿಂತ ಜಾಸ್ತಿ ಕುಡಿದ ಹಾಗೆ.

"ನಾನು ಸಣ್ಣ, ಅವರು ದಪ್ಪ, ಅದಕ್ಕೇ" ಅಂತ ನೀವು ಹೇಳಬಹುದು. ತೂಕದ ಪಾಲು ಇದೆ, ಸುಳ್ಳಲ್ಲ. ಆದರೆ ಇಬ್ಬರೂ 60 ಕೆಜಿ ಅಂತಲೇ ಇಟ್ಟುಕೊಳ್ಳಿ. ಆಗಲೂ ಅವರದ್ದು 98ರ ಹತ್ತಿರ ಬಂದರೆ ನಿಮ್ಮದು 120 ದಾಟುತ್ತದೆ. ತೂಕ ಸಮ ಆದಮೇಲೂ ಉಳಿಯುವ ಈ ಅಂತರ ನೀರಿನದ್ದು. ಹೆಣ್ಣುಮಕ್ಕಳಿಗೆ ಬೇಗ ಏರುತ್ತದೆ ಅನ್ನುವುದಕ್ಕೆ ದೊಡ್ಡ ಕಾರಣ ಇದೇ. ಮನಸ್ಸು ಗಟ್ಟಿ, ಮೆತ್ತಗೆ ಅನ್ನುವ ಮಾತಿಗೆ ಇಲ್ಲಿ ಕೆಲಸವಿಲ್ಲ.

ಈ ಸಂಖ್ಯೆಗಳು ಸರಾಸರಿ, ಒಂದೇ ಸಲಕ್ಕೆ ಕುಡಿದ ಲೆಕ್ಕ. ಎರಡು ಗಂಟೆ ಎಳೆದು ಕುಡಿದರೆ ತುದಿ ಸ್ವಲ್ಪ ಕೆಳಗೆ ಬರುತ್ತದೆ, ಇಬ್ಬರಿಗೂ.

ಈಗ ಎನ್‌ಜೈಮಿನ ಕಥೆ. ಇದು ಎಲ್ಲರ ಬಾಯಲ್ಲೂ ಇದೆ, ಮತ್ತು ಇದನ್ನು ಜನ ಸ್ವಲ್ಪ ಜಾಸ್ತಿಯೇ ಎಳೆದಿದ್ದಾರೆ ಅನ್ನುವುದು ನನ್ನ ಅಭಿಪ್ರಾಯ. ಆಲ್ಕೋಹಾಲನ್ನು ಒಡೆಯುವ ಎನ್‌ಜೈಮಿನ ಹೆಸರು ಆಲ್ಕೋಹಾಲ್ ಡಿಹೈಡ್ರಾಜಿನೇಸ್. ಅದು ಮುಖ್ಯವಾಗಿ ಇರುವುದು ಲಿವರ್‌ನಲ್ಲಿ. ಆದರೆ ಹೊಟ್ಟೆಯ ಒಳಗೋಡೆಯಲ್ಲೂ ಸ್ವಲ್ಪ ಇದೆ. ಕುಡಿದದ್ದರಲ್ಲಿ ಒಂದು ಪಾಲು ರಕ್ತಕ್ಕೆ ಸೇರುವ ಮೊದಲೇ ಅಲ್ಲಿ ಒಡೆದುಹೋಗುತ್ತದೆ.

1990ರಲ್ಲಿ ಇಟಲಿ ಮತ್ತು ಅಮೆರಿಕದ ಸಂಶೋಧಕರು ಇದನ್ನು ಪರೀಕ್ಷಿಸಿದ ರೀತಿ ಚೆನ್ನಾಗಿತ್ತು. 20 ಗಂಡಸರು, 23 ಹೆಂಗಸರು. ಒಂದು ದಿನ ಆಲ್ಕೋಹಾಲನ್ನು ಬಾಯಿಗೆ ಕೊಟ್ಟರು. ಇನ್ನೊಂದು ದಿನ ಅಷ್ಟನ್ನೇ ನೇರವಾಗಿ ರಕ್ತನಾಳಕ್ಕೆ ಕೊಟ್ಟರು. ನಾಳಕ್ಕೆ ಕೊಟ್ಟದ್ದು ಹೊಟ್ಟೆಯನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಎರಡರ ನಡುವಿನ ವ್ಯತ್ಯಾಸ ದಾರಿಯಲ್ಲಿ ಒಡೆದುಹೋದ ಪಾಲು. ಕುಡಿತದ ಚಟ ಇಲ್ಲದ ಹೆಂಗಸರಲ್ಲಿ ಹೀಗೆ ಒಡೆದುಹೋದದ್ದು ಗಂಡಸರಲ್ಲಿ ಆದದ್ದರ ಶೇಕಡಾ 23 ಮಾತ್ರ. ಹೊಟ್ಟೆಯ ಎನ್‌ಜೈಮಿನ ಶಕ್ತಿಯೂ ಗಂಡಸರದರ ಶೇಕಡಾ 59ರಷ್ಟೇ ಇತ್ತು. ಕುಡಿತ ಅಂಟಿಕೊಂಡಿದ್ದ ಹೆಂಗಸರಲ್ಲಂತೂ ಈ ಮೊದಲ ಬಾಗಿಲು ಪೂರ್ತಿ ತೆರೆದೇ ಬಿಟ್ಟಿದ್ದ ಹಾಗೆ. ಬಾಯಿಗೆ ಕೊಟ್ಟರೂ ನಾಳಕ್ಕೆ ಕೊಟ್ಟರೂ ಹೆಚ್ಚು ವ್ಯತ್ಯಾಸ ಇರಲಿಲ್ಲ.

ಇದನ್ನು ಓದಿದವರು "ಹೆಂಗಸರಿಗೆ ಎನ್‌ಜೈಮೇ ಇಲ್ಲ" ಅಂತ ಹೇಳಲು ಶುರು ಮಾಡಿದರು. ಅದು ತಪ್ಪು. ಆ ಪ್ರಯೋಗದಲ್ಲಿ ಕೊಟ್ಟದ್ದು ಸ್ವಲ್ಪವೇ, ಒಂದು ಕೆಜಿ ತೂಕಕ್ಕೆ 0.3 ಗ್ರಾಂ. ನಿಮ್ಮ ತೂಕಕ್ಕೆ ಅದು ಒಂದು ಲಾರ್ಜ್‌ಗಿಂತ ಕಮ್ಮಿ. ಕುಡಿಯುವ ಪ್ರಮಾಣ ಏರಿದ ಹಾಗೆ ಹೊಟ್ಟೆ ಒಡೆಯುವ ಪಾಲು ಲೆಕ್ಕಕ್ಕೇ ಬರದಷ್ಟು ಚಿಕ್ಕದಾಗುತ್ತದೆ, ಗಂಡಸರಿಗೂ. ಇದರಲ್ಲಿ ಎಷ್ಟು ಹೊಟ್ಟೆಯದ್ದು, ಎಷ್ಟು ಲಿವರಿನದ್ದು ಅಂತ ತಜ್ಞರ ನಡುವೆ ಜಗಳವೂ ನಡೆದಿದೆ. 50 ದಾಟಿದ ಮೇಲೆ ಗಂಡಸರಲ್ಲೂ ಈ ಎನ್‌ಜೈಮು ಇಳಿಯುತ್ತದೆ. ಒಂದು ಗ್ಲಾಸ್ ವೈನ್‌ನ ದಿನ ಹೊಟ್ಟೆಯ ಎನ್‌ಜೈಮು ಲೆಕ್ಕಕ್ಕೆ ಬರುತ್ತದೆ. ಎರಡು ಲಾರ್ಜ್‌ನ ದಿನ ನೀರಿನ ಲೆಕ್ಕವೇ ದೊಡ್ಡದು.

ಆದರೆ ಒಂದು ಮಾತು, ಇದು ನಮ್ಮ ಮನೆಗಳಲ್ಲಿ ನಾನು ತುಂಬಾ ನೋಡಿದ್ದು. ಹೊಟ್ಟೆ ತುಂಬಿದ್ದರೆ ಅದರ ಕೆಳಗಿನ ಬಾಗಿಲು ಮುಚ್ಚಿರುತ್ತದೆ, ಆಲ್ಕೋಹಾಲ್ ಅಲ್ಲೇ ಹೆಚ್ಚು ಹೊತ್ತು ನಿಲ್ಲುತ್ತದೆ. ಖಾಲಿ ಹೊಟ್ಟೆಯಾದರೆ ಸೀದಾ ಸಣ್ಣ ಕರುಳಿಗೆ ಜಾರಿ, ಅಲ್ಲಿಂದ ಬೇಗ ರಕ್ತಕ್ಕೆ ಸೇರುತ್ತದೆ. ಮನೆಯಲ್ಲಿ ಶನಿವಾರ ನಾಲ್ಕು ಜನ ಬಂದಿದ್ದಾರೆ ಅಂದುಕೊಳ್ಳಿ. ಗಂಡಸರು ಕಡಲೆಬೀಜ, ಕಬಾಬ್, ಚಿಪ್ಸ್ ಮುಂದಿಟ್ಟುಕೊಂಡು ಕೂತಿರುತ್ತಾರೆ. ಮನೆಯಾಕೆ ಒಂದು ಗುಟುಕು ಕುಡಿಯುವುದು, ಒಲೆ ಮುಂದೆ ಹೋಗುವುದು, ಎಲ್ಲರಿಗೂ ಬಡಿಸಿ ಹನ್ನೊಂದು ಗಂಟೆಗೆ ತಾನು ತಿನ್ನುವುದು. ಅವಳ ಎರಡೂ ಪೆಗ್ ಖಾಲಿ ಹೊಟ್ಟೆಗೆ ಹೋಗಿರುತ್ತವೆ. ಬ್ರಿಟನ್ನಿನ ಮಿಲಿಯನ್ ವಿಮೆನ್ ಸ್ಟಡಿಯಲ್ಲಿ ಸುಮಾರು 4 ಲಕ್ಷ ಹೆಂಗಸರ ಕುಡಿಯುವ ರೀತಿಯನ್ನು ನೋಡಿ 2019ರಲ್ಲಿ ವರದಿ ಮಾಡಿದರು. ವಾರಕ್ಕೆ ಕುಡಿಯುವ ಪ್ರಮಾಣ ಅಷ್ಟೇ ಇದ್ದರೂ, ಊಟದ ಜೊತೆ ಕುಡಿಯುತ್ತಿದ್ದವರಲ್ಲಿ ಲಿವರ್ ಗಟ್ಟಿಯಾಗುವ ಸಿರೋಸಿಸ್ ಕಾಯಿಲೆ ಕಮ್ಮಿ, ದಿನಾ ಕುಡಿಯುತ್ತಿದ್ದವರಲ್ಲಿ ಜಾಸ್ತಿ ಕಂಡಿತು.

ಇಲ್ಲಿಗೆ ಅಮಲಿನ ಲೆಕ್ಕ ಮುಗಿಯಿತು. ನಿಮ್ಮ ನಿಜವಾದ ಪ್ರಶ್ನೆ ಲಿವರ್‌ನದ್ದು. ಅಲ್ಲಿ ಒಂದು ಗಂಟು ಇದೆ. ನೀರು ಕಮ್ಮಿ ಇದ್ದರೆ ರಕ್ತದಲ್ಲಿ ಆಲ್ಕೋಹಾಲ್ ಗಾಢ ಆಗುತ್ತದೆ, ಸರಿ. ಆದರೆ ಲಿವರ್ ಒಡೆಯಬೇಕಾದದ್ದು ಇಬ್ಬರಲ್ಲೂ ಅದೇ 40 ಗ್ರಾಂ ಅಲ್ವಾ? ಹಾಗಾದರೆ ನಿಮ್ಮ ಲಿವರ್ ಮಾತ್ರ ಯಾಕೆ ನೋಯಬೇಕು?

ಒಂದು ಉತ್ತರ ಗಡಿಯಾರದಲ್ಲಿದೆ. ಎಷ್ಟು ಆಲ್ಕೋಹಾಲ್ ಇದ್ದರೂ ಲಿವರ್ ಗಂಟೆಗೆ ಇಷ್ಟೇ ಅಂತ ಒಡೆಯುತ್ತದೆ. ಜಾಸ್ತಿ ಬಂದರೆ ಮಿಕ್ಕಿದ್ದು ಕ್ಯೂನಲ್ಲಿ ನಿಲ್ಲಬೇಕು. ನಿಮ್ಮ ಯಜಮಾನರ ರಕ್ತದ ಮಟ್ಟ ಗಂಟೆಗೆ 15 ಮಿಲಿಗ್ರಾಂ ಇಳಿಯುತ್ತದೆ ಅಂದುಕೊಳ್ಳಿ. ನಿಮ್ಮದು ಸ್ವಲ್ಪ ಬೇಗ, 17 ಅಂತಲೇ ಇಟ್ಟುಕೊಳ್ಳೋಣ. ಹೌದು, ಈ ಒಂದು ವಿಷಯದಲ್ಲಿ ಹೆಂಗಸರು ಸ್ವಲ್ಪ ಮುಂದೆ, ಯಾಕೆಂದರೆ ದೇಹದ ನೀರಿಗೆ ಹೋಲಿಸಿದರೆ ನಮ್ಮ ಲಿವರ್ ದೊಡ್ಡದು. ಹಾಗಿದ್ದರೂ 130ರಿಂದ ಇಳಿಯಬೇಕಲ್ಲ. ರಾತ್ರಿ ಎಂಟಕ್ಕೆ ಕುಡಿದರೆ ಅವರ ರಕ್ತ ಒಂದೂಕಾಲರ ಹೊತ್ತಿಗೆ ಖಾಲಿ. ನಿಮ್ಮದು ಖಾಲಿಯಾಗುವಾಗ ಬೆಳಗಿನ ನಾಲ್ಕು ಗಂಟೆಯ ಹತ್ತಿರ. ಅವರು ಮಲಗಿ ಲಿವರ್ ಸುಮ್ಮನಾದ ಮೇಲೂ ನಿಮ್ಮ ಲಿವರ್ ಎರಡೂವರೆ ಗಂಟೆ ಓವರ್‌ಟೈಮ್ ಮಾಡುತ್ತದೆ. ಅಂದ ಹಾಗೆ, ಗಾಡಿ ಓಡಿಸಲು ನಮ್ಮ ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. ಅವರು ಅದರ ಕೆಳಗೆ ಬರುವುದು ಹನ್ನೊಂದೂಕಾಲರ ಸುಮಾರಿಗೆ, ನೀವು ರಾತ್ರಿ ಎರಡರ ಹತ್ತಿರ.

ಆ ಹೊತ್ತಿನಲ್ಲಿ ಲಿವರ್ ಒಳಗೆ ಏನಾಗುತ್ತದೆ? ಆಲ್ಕೋಹಾಲ್ ಮೊದಲು ಅಸಿಟಾಲ್ಡಿಹೈಡ್ ಆಗುತ್ತದೆ. ಇದು ಆಲ್ಕೋಹಾಲಿಗಿಂತ ಕೆಟ್ಟದ್ದು, ಜೀವಕೋಶದ ಪ್ರೋಟೀನುಗಳಿಗೆ ಅಂಟಿಕೊಂಡು ಹಾಳು ಮಾಡುತ್ತದೆ. ಈ ಕೆಲಸ ನಡೆಯುವಷ್ಟು ಹೊತ್ತು ಲಿವರ್ ಕೊಬ್ಬನ್ನು ಸುಡುವ ಕೆಲಸ ನಿಲ್ಲಿಸುತ್ತದೆ. ಸುಡದ ಕೊಬ್ಬು ಅಲ್ಲೇ ಹನಿ ಹನಿಯಾಗಿ ಕೂರುತ್ತದೆ. ನಿಮ್ಮ ಸ್ಕ್ಯಾನಿಂಗ್‌ನಲ್ಲಿ ಬೆಳ್ಳಗೆ ಕಂಡದ್ದು ಅದೇ.

ಆದರೆ ಗಡಿಯಾರ ಒಂದೇ ಎಲ್ಲವನ್ನೂ ಹೇಳುವುದಿಲ್ಲ. ಎರಡನೆಯದು ಕರುಳಿನದ್ದು, ನನಗೆ ಇದೇ ಹೆಚ್ಚು ಮುಖ್ಯ ಅನ್ನಿಸುತ್ತದೆ. ಆಲ್ಕೋಹಾಲ್ ಕರುಳಿನ ಗೋಡೆಯನ್ನು ಸೋರುವಂತೆ ಮಾಡುತ್ತದೆ. ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳ ಚೂರುಗಳು ರಕ್ತಕ್ಕೆ ನುಸುಳಿ ಸೀದಾ ಲಿವರ್‌ಗೆ ಬರುತ್ತವೆ. ಲಿವರ್‌ನಲ್ಲಿ ಕುಪ್ಫರ್ ಜೀವಕೋಶಗಳು ಅಂತ ಕಾವಲುಗಾರರಿದ್ದಾರೆ. ಈ ಚೂರುಗಳನ್ನು ಕಂಡ ಕೂಡಲೇ ಅವು ಉರಿಯೂತ ಎಬ್ಬಿಸುತ್ತವೆ. ಕಳ್ಳನ ಜೊತೆ ಮನೆಗೂ ಏಟು ಬೀಳುತ್ತದೆ. ಹೆಣ್ಣು ಇಲಿಗಳಲ್ಲಿ ಈ ಸೋರಿಕೆಯೂ ಕಾವಲುಗಾರರ ಸಿಟ್ಟೂ ಗಂಡು ಇಲಿಗಳಿಗಿಂತ ಜಾಸ್ತಿ ಕಂಡಿದೆ. ಅಂಡಾಶಯ ತೆಗೆದರೆ ಲಿವರ್‌ನ ಹಾನಿ ಇಳಿಯಿತು. ಈಸ್ಟ್ರೋಜನ್ ವಾಪಸ್ ಕೊಟ್ಟರೆ ಮತ್ತೆ ಏರಿತು. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಿಗೆ ಹಾಗೇ ಹೊಂದುವುದಿಲ್ಲ. ಆದರೆ ನಾವು ಕ್ಲಿನಿಕ್ಕಿನಲ್ಲಿ ನೋಡುವುದಕ್ಕೆ ಇದು ಹೊಂದುತ್ತದೆ. ಹೆಂಗಸರಲ್ಲಿ ಕಮ್ಮಿ ಕುಡಿತಕ್ಕೆ, ಕಮ್ಮಿ ವರ್ಷಗಳಲ್ಲಿ ಲಿವರ್ ಗಟ್ಟಿಯಾಗುತ್ತದೆ.

ಕೋಪನ್‌ಹೇಗನ್‌ನಲ್ಲಿ 13,000ಕ್ಕೂ ಹೆಚ್ಚು ಜನರನ್ನು 12 ವರ್ಷ ಗಮನಿಸಿ 1996ರಲ್ಲಿ ಬರೆದ ವರದಿ ಇದೆ. ಅಲ್ಲಿಯ ಒಂದು ಡ್ರಿಂಕ್ ಅಂದರೆ 12 ಗ್ರಾಂ. ಹೆಂಗಸರಲ್ಲಿ ವಾರಕ್ಕೆ 7ರಿಂದ 13 ಡ್ರಿಂಕ್‌ನಲ್ಲೇ ಲಿವರ್ ಕಾಯಿಲೆಯ ಅಪಾಯ ಏರಲು ಶುರುವಾಯಿತು. ಗಂಡಸರಲ್ಲಿ 14ರಿಂದ 27ರಲ್ಲಿ. ನಿಮ್ಮದನ್ನು ಕೂಡಿ. ಮೂರು ರಾತ್ರಿ, ಆರು ಲಾರ್ಜ್, 120 ಗ್ರಾಂ. ಎರಡು ಗ್ಲಾಸ್ ವೈನ್, ಒಂದಕ್ಕೆ 15ರಂತೆ 30 ಗ್ರಾಂ. ವಾರಕ್ಕೆ 150. ಫ್ಯಾಟಿ ಲಿವರ್‌ಗೆ ಮದ್ಯವೂ ಕಾರಣ ಅಂತ ಪರಿಗಣಿಸಲು 2023ರಲ್ಲಿ ಅಂತಾರಾಷ್ಟ್ರೀಯ ತಜ್ಞರು ಇಟ್ಟ ಗೆರೆ ಹೆಂಗಸರಿಗೆ ವಾರಕ್ಕೆ 140 ಗ್ರಾಂ, ಗಂಡಸರಿಗೆ 210. ಒಂದೇ ಬಾಟಲಿ, ಒಂದೇ 150. ನೀವು ಗೆರೆ ದಾಟಿದ್ದೀರಿ, ಅವರು ದಾಟಿಲ್ಲ. ಗೆರೆ ದಾಟಿಲ್ಲ ಅಂದರೆ ಸೇಫ್ ಅಂತಲ್ಲ, ಅದನ್ನೂ ಅವರಿಗೆ ಹೇಳಿ.

ಇನ್ನು ದೇಹ ಒಗ್ಗಿಕೊಂಡಿದೆ ಅಂದಿರಿ. ಒಗ್ಗಿಕೊಂಡದ್ದು ಮುಖ್ಯವಾಗಿ ಮೆದುಳು. ಅದೇ 130 ಮಿಲಿಗ್ರಾಂ ಇದ್ದರೂ ತಲೆ ತಿರುಗದ ಹಾಗೆ ಅದು ಅಭ್ಯಾಸ ಮಾಡಿಕೊಂಡಿದೆ. ಲಿವರ್ ಒಗ್ಗುವ ರೀತಿ ಬೇರೆ. ಪದೇ ಪದೇ ಕುಡಿದಾಗ ಅದು ಇನ್ನೊಂದು ಎನ್‌ಜೈಮನ್ನು ಜಾಸ್ತಿ ಮಾಡಿಕೊಳ್ಳುತ್ತದೆ. ಅದು ಆಲ್ಕೋಹಾಲನ್ನು ಬೇಗ ಒಡೆಯುತ್ತದೆ ನಿಜ, ಆದರೆ ಒಡೆಯುವಾಗ ಜೀವಕೋಶವನ್ನು ಸುಡುವ ಕಿಡಿಗಳನ್ನೂ ಹಾರಿಸುತ್ತದೆ. ಪ್ಯಾರಾಸಿಟಮಾಲ್ ಮಾತ್ರೆಯನ್ನು ವಿಷದ ರೂಪಕ್ಕೆ ತಿರುಗಿಸುವುದೂ ಇದೇ ಎನ್‌ಜೈಮು. ಭಾನುವಾರ ಬೆಳಿಗ್ಗೆ ತಲೆನೋವು ಅಂತ ಮಾತ್ರೆ ಮೇಲೆ ಮಾತ್ರೆ ನುಂಗುವ ಅಭ್ಯಾಸ ಇದ್ದರೆ ನಿಲ್ಲಿಸಿ.

ನಿಮ್ಮ ರಿಪೋರ್ಟಿಗೆ ಬರೋಣ. ಎಸ್‌ಜಿಒಟಿ 62, ಎಸ್‌ಜಿಪಿಟಿ 31. ಮೊದಲನೆಯದು ಎರಡನೆಯದರ ಎರಡರಷ್ಟಿದೆ. ತೂಕ, ಸಕ್ಕರೆಯಿಂದ ಬರುವ ಫ್ಯಾಟಿ ಲಿವರ್‌ನಲ್ಲಿ ಶುರುವಿನಲ್ಲಿ ಸಾಮಾನ್ಯವಾಗಿ ಎಸ್‌ಜಿಪಿಟಿ ಮೇಲಿರುತ್ತದೆ. ಮದ್ಯದಲ್ಲಿ ತಿರುಗಾ ಮುರುಗಾ. ಎಸ್‌ಜಿಪಿಟಿ ತಯಾರಾಗಲು ವಿಟಮಿನ್ ಬಿ6 ಬೇಕು, ಕುಡಿಯುವವರಲ್ಲಿ ಅದು ಕಮ್ಮಿಯಾಗುತ್ತದೆ. ಹಾಗಾಗಿ ಎಸ್‌ಜಿಪಿಟಿ ಅಷ್ಟಾಗಿ ಏರುವುದಿಲ್ಲ. ಜೊತೆಗೆ ಜಿಜಿಟಿ 88 ಇದೆ. ಮೂರೂ ಸೇರಿದರೆ ಬೊಟ್ಟು ಮದ್ಯದ ಕಡೆ ತೋರಿಸುತ್ತದೆ.

ಲ್ಯಾಬಿನವರು ನಿಮ್ಮ ಎಸ್‌ಜಿಪಿಟಿ 31ರ ಪಕ್ಕದಲ್ಲಿ ನಾರ್ಮಲ್ ಅಂತ ಹಾಕಿರಬೇಕು. ಹೆಚ್ಚಿನ ಕಡೆ ಗಂಡಸು, ಹೆಂಗಸು ಇಬ್ಬರಿಗೂ 40ರ ಆಸುಪಾಸಿನ ಒಂದೇ ಮಿತಿ ಅಚ್ಚು ಹಾಕಿರುತ್ತಾರೆ. ಅಮೆರಿಕದ ಗ್ಯಾಸ್ಟ್ರೋ ತಜ್ಞರ ಸಂಘ 2017ರಲ್ಲಿ ಹೇಳಿದ ಮೇಲಿನ ಮಿತಿ ಗಂಡಸರಿಗೆ 29ರಿಂದ 33, ಹೆಂಗಸರಿಗೆ 19ರಿಂದ 25. ಆ ಲೆಕ್ಕದಲ್ಲಿ ನಿಮ್ಮ 31 ನಾರ್ಮಲ್ ಅಲ್ಲ. ಹೀಗೆ ನಾರ್ಮಲ್ ಅನ್ನಿಸಿಕೊಂಡ ರಿಪೋರ್ಟು ಕಪಾಟಿನಲ್ಲಿ ಇಟ್ಟು, ನಾಲ್ಕು ವರ್ಷ ಆದಮೇಲೆ ಕಾಲು ಊದಿಕೊಂಡು ಬಂದ ಒಬ್ಬ ಟೀಚರ್ ನನಗೆ ಇನ್ನೂ ನೆನಪಿದ್ದಾರೆ. ಆಕೆ ಕುಡಿಯುತ್ತಾರಾ ಅಂತ ಮೊದಲು ನೋಡಿದ ಡಾಕ್ಟರು ಕೇಳಿಯೇ ಇರಲಿಲ್ಲ. ಹೆಂಗಸರನ್ನು ಆ ಪ್ರಶ್ನೆ ಕೇಳುವುದಕ್ಕೆ ನಮ್ಮವರಿಗೆ ಇನ್ನೂ ಸಂಕೋಚ.

ಈಗ ಮಾಡಬೇಕಾದದ್ದು. ಆರು ವಾರ ಪೂರ್ತಿ ನಿಲ್ಲಿಸಿ. ಕಮ್ಮಿ ಮಾಡುವುದಲ್ಲ, ನಿಲ್ಲಿಸುವುದು, ಯಾಕೆಂದರೆ ಇದು ಪರೀಕ್ಷೆಯೂ ಹೌದು. ವಾರದಲ್ಲಿ ಎರಡು ದಿನ ಬಿಟ್ಟೇ ಇರುವ ನಿಮಗೆ ದಿಢೀರ್ ನಿಲ್ಲಿಸಿದರೆ ತೊಂದರೆ ಆಗುವ ಸಂಭವ ಕಮ್ಮಿ. ಆದರೆ ಆ ಖಾಲಿ ದಿನಗಳಲ್ಲಿ ಕೈ ನಡುಗುವುದು, ಬೆವರುವುದು, ನಿದ್ದೆ ಬಾರದಿರುವುದು ಇದ್ದರೆ ಒಬ್ಬರೇ ನಿಲ್ಲಿಸಬೇಡಿ. ಡಾಕ್ಟರ ಹತ್ತಿರ ಹೋಗಿ, ಔಷಧದ ಜೊತೆ ನಿಲ್ಲಿಸಬೇಕಾಗುತ್ತದೆ.

ಈ ಹೊತ್ತಿನಲ್ಲೇ ಹೆಪಟೈಟಿಸ್ ಬಿ ಮತ್ತು ಸಿ, ಸಕ್ಕರೆ, ಕೊಲೆಸ್ಟ್ರಾಲ್, ಥೈರಾಯ್ಡ್ ನೋಡಿಸಿ. ಆಟೋಇಮ್ಯೂನ್ ಲಿವರ್ ಕಾಯಿಲೆಯ ಪರೀಕ್ಷೆಯನ್ನೂ ಕೇಳಿ, ಅದು ಹೆಂಗಸರಲ್ಲೇ ಜಾಸ್ತಿ. ಎಲ್ಲವನ್ನೂ ಮದ್ಯದ ತಲೆಗೆ ಕಟ್ಟಿ ಬೇರೆ ಕಾಯಿಲೆ ತಪ್ಪಿಸಿಕೊಂಡರೆ ಅದೂ ತಪ್ಪೇ. ಫೈಬ್ರೋಸ್ಕ್ಯಾನ್ ಅಂತ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಪರೀಕ್ಷೆ ಇದೆ, ನೋವಿಲ್ಲ, ಹತ್ತು ನಿಮಿಷದ ಕೆಲಸ. ಆದರೆ ಅದನ್ನು ನಿಲ್ಲಿಸಿದ ಆರು ವಾರದ ಮೇಲೆ ಮಾಡಿಸಿ. ಕುಡಿಯುತ್ತಿರುವಾಗ ಉರಿಯೂತದಿಂದ ಲಿವರ್ ಇರುವುದಕ್ಕಿಂತ ಗಟ್ಟಿ ಅಂತ ಮಷಿನ್ ತೋರಿಸಿ, ಸುಮ್ನೆ ಹೆದರಿಸುತ್ತದೆ.

ಎಸ್‌ಜಿಒಟಿ ಒಂದೆರಡು ವಾರದಲ್ಲೇ ಇಳಿಯಬೇಕು. ಜಿಜಿಟಿ ನಿಧಾನ, ಅರ್ಧಕ್ಕೆ ಬರಲು ಎರಡು ಮೂರು ವಾರ ಹಿಡಿಯುತ್ತದೆ. 88 ಇದ್ದದ್ದು ಆರು ವಾರಕ್ಕೆ 30ರ ಆಸುಪಾಸಿಗೆ ಬಂದರೆ ಕಾರಣ ಏನಂತ ಗೊತ್ತಾಯಿತು, ಲಿವರ್‌ಗೆ ಇನ್ನೂ ಸುಧಾರಿಸುವ ಶಕ್ತಿ ಇದೆ ಅಂತಲೂ ಗೊತ್ತಾಯಿತು. ಬರೀ ಕೊಬ್ಬು ತುಂಬಿದ ಹಂತವಾದರೆ ಇಷ್ಟರಲ್ಲೇ ಬಹಳ ಮಟ್ಟಿಗೆ ಕರಗುತ್ತದೆ. ಇಳಿಯದೇ ಇದ್ದರೆ, ಅಥವಾ ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಕೆಳಗಿದ್ದರೆ, ಲಿವರ್ ತಜ್ಞರನ್ನೇ ನೋಡಿ. ಪ್ಲೇಟ್‌ಲೆಟ್ ಸಂಖ್ಯೆ ನಿಮ್ಮ ಹೋದ ತಿಂಗಳ ರಿಪೋರ್ಟಿನಲ್ಲೇ ಇರಬಹುದು, ಇವತ್ತೇ ತೆಗೆದು ನೋಡಿ. ಮುಂದಿನ ಸಲ ರಕ್ತ ಕೊಡಲು ಹೋಗುವಾಗ ನಿಮ್ಮ ಯಜಮಾನರನ್ನೂ ಕರೆದುಕೊಂಡು ಹೋಗಿ, ಅವರ ಹಳೆಯ ರಿಪೋರ್ಟಿನಲ್ಲಿ ಎಸ್‌ಜಿಪಿಟಿ 33 ದಾಟಿದೆಯಾ ಅಂತ ಒಮ್ಮೆ ಕಣ್ಣಾಡಿಸಿ.